ಪೇಜ್‌ಮೇಕರ್ ಕ್ರ್ಯಾಕು, ಮದುವೆ ಕಾರ್ಡಿನ ಫೈಲು

ಪ್ರಶ್ನೆ: ಸರ್, ತಣಿಸಂದ್ರ ಮುಖ್ಯರಸ್ತೆಯಲ್ಲಿ ನಮ್ಮದೊಂದು ಸಣ್ಣ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಾಡಿಗೆ ಕರಾರು, ಸೇವಾಸಿಂಧು ಅರ್ಜಿ ಎಲ್ಲ ಮಾಡುತ್ತೇನೆ. ಹೋದ ವಾರ ಹಳೇ ಪೇಜ್‌ಮೇಕರ್ ಕೈಕೊಟ್ಟಿತು. ನಮ್ಮ ಮೈದುನ ಎಲ್ಲಿಂದಲೋ 'ಫುಲ್ ವರ್ಷನ್' ಇಳಿಸಿದ. ಇನ್‌ಸ್ಟಾಲ್ ಆಗುವಾಗ ಆಂಟಿವೈರಸ್ ಆಫ್ ಮಾಡಿ ಎಂದು ಬಂತು, ಮಾಡಿದ. ಪೇಜ್‌ಮೇಕರ್ ಬರಲೇ ಇಲ್ಲ. ಸಂಜೆ ನೋಡಿದರೆ ಎಲ್ಲ ಫೈಲಿನ ಹೆಸರಿನ ಕೊನೆಗೂ ನಾಲ್ಕು ಅಕ್ಷರದ ಬಾಲ. ಒಂದೂ ತೆರೆಯುತ್ತಿಲ್ಲ. ಪ್ರತಿ ಫೋಲ್ಡರಿನಲ್ಲೂ _readme.txt ಅಂತ ಒಂದು ಚೀಟಿ. 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490 ಸಾಕು ಎಂದು ಬರೆದಿದೆ. ಚೀಟಿಯ ಫೋಟೋ ಕಳಿಸಿದ್ದೇನೆ. ಮೈದುನ ಈಗ ಯೂಟ್ಯೂಬ್ ನೋಡಿ, ಒಂದು ಸಾಲು ಪವರ್‌ಶೆಲ್‌ನಲ್ಲಿ ಪೇಸ್ಟ್ ಮಾಡಿದರೆ ಫೈಲು ವಾಪಸ್ ಬರುತ್ತಂತೆ ಅನ್ನುತ್ತಿದ್ದಾನೆ. ಮಾಡಬಹುದಾ? ದುಡ್ಡು ಕಟ್ಟಬೇಕಾ? ಗಿರಾಕಿಗಳ ಆಧಾರ್ ಪ್ರತಿ ಎಲ್ಲ ಅದರಲ್ಲೇ ಇದೆ. ಹೆಸರು ಹಾಕಬೇಡಿ.

ಉತ್ತರ: ಮೊದಲು ಆ ಪವರ್‌ಶೆಲ್ ಸಾಲಿನ ಮಾತು. ಮಾಡಬೇಡಿ. ಮೈದುನನ ಕೈಯಿಂದ ಮೌಸ್ ಕಸಿದುಕೊಂಡಾದರೂ ಸರಿ, ತಡೆಯಿರಿ. ನೆಟ್ ಕೇಬಲ್ ಕಿತ್ತು ಕಂಪ್ಯೂಟರ್ ಆಫ್ ಮಾಡಿ. ಯಾವ ಪೆನ್‌ಡ್ರೈವನ್ನೂ ಅದಕ್ಕೆ ಚುಚ್ಚಬೇಡಿ. ಇಷ್ಟು ಮಾಡಿ ಬಂದು ಮುಂದೆ ಓದಿ.

ನೀವು ಕಳಿಸಿದ ಚೀಟಿ ನನಗೆ ಹೊಸದಲ್ಲ. ಫೈಲಿಗೆ ನಾಲ್ಕಕ್ಷರದ ಬಾಲ, _readme.txt ಎಂಬ ಹೆಸರು, 980 ಮತ್ತು 490 ಡಾಲರಿನ ಲೆಕ್ಕ, ಈ ಮೂರೂ ಕೂಡಿದರೆ ಅದು ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ ರ‍್ಯಾನ್ಸಮ್‌ವೇರ್. 2018ರ ಆಸುಪಾಸಿನಿಂದ ಇದೆ. ದೊಡ್ಡ ಕಂಪನಿಗಳ ಬಾಗಿಲು ಒಡೆಯುವ ಜಾತಿಯಲ್ಲ ಇದು. ಮನೆಯವರನ್ನು, ವಿದ್ಯಾರ್ಥಿಗಳನ್ನು, ನಿಮ್ಮಂಥ ಅಂಗಡಿಯವರನ್ನು ಹಿಡಿಯುವುದೇ ಇದರ ಕಸುಬು, ಹಿಡಿಯುವ ಮುಖ್ಯ ಬಲೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಬಾಗಿಲು ಒಡೆಯುವ ಶ್ರಮವೇ ಅದಕ್ಕಿಲ್ಲ. ನಾವೇ ಕರೆದು, ಕಾವಲುಗಾರನನ್ನು ಆಚೆ ಕಳಿಸಿ, ಒಳಗೆ ಕೂರಿಸುತ್ತೇವೆ.

ಪೆನ್‌ಡ್ರೈವ್ ಬೇಡ ಎಂದೆನಲ್ಲ, ಅದಕ್ಕೆ ಕಾರಣವಿದೆ. ಈ ಪ್ರೋಗ್ರಾಂ ಒಮ್ಮೆ ಓಡಿ ಸುಮ್ಮನಾಗುವುದಿಲ್ಲ. ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿ Time Trigger Task ಎಂಬ ಹೆಸರಿನಲ್ಲಿ ತನ್ನದೊಂದು ಕೆಲಸ ಬರೆದಿಟ್ಟುಕೊಂಡು, ಐದೈದು ನಿಮಿಷಕ್ಕೊಮ್ಮೆ ಮತ್ತೆ ಏಳುತ್ತದೆ. ಮನೆಯಲ್ಲಿ ಬ್ಯಾಕಪ್ ಇರುವ ಡಿಸ್ಕ್ ತಂದು ಚುಚ್ಚಿದಿರೋ, ಅದಕ್ಕೂ ಬೀಗ. ಎಷ್ಟೋ ಜನ ಉಳಿದದ್ದನ್ನೂ ಕಳೆದುಕೊಳ್ಳುವುದು ಹೀಗೇ.

ಇನ್ನು ಫೈಲುಗಳು ವಾಪಸ್ ಬರುತ್ತವೆಯೇ ಎಂಬುದು. ಚೀಟಿಯ ಕೊನೆಯಲ್ಲಿ ಉದ್ದನೆಯ ಒಂದು ಐಡಿ ಇದೆ, ನೋಡಿ. ಬೀಗ ಹಾಕುವ ಮುನ್ನ ಈ ಪ್ರೋಗ್ರಾಂ ಕಳ್ಳರ ಸರ್ವರಿಗೆ ಕರೆ ಮಾಡಿ, ನಿಮ್ಮ ಕಂಪ್ಯೂಟರಿಗೆಂದೇ ಒಂದು ಕೀಲಿ ತರಿಸಿಕೊಳ್ಳುತ್ತದೆ. ಆ ಹೊತ್ತಿಗೆ ಸರ್ವರ್ ಸಿಗದಿದ್ದರೆ ತನ್ನ ಜೇಬಿನಲ್ಲೇ ಇರುವ ಸಾಮಾನ್ಯ ಕೀಲಿಯಿಂದ ಬೀಗ ಹಾಕುತ್ತದೆ. ಹಾಗಾದಾಗ ಐಡಿ t1 ಎಂದು ಮುಗಿಯುತ್ತದೆ. ಆ ಸಾಮಾನ್ಯ ಕೀಲಿ ಒಬ್ಬರಿಗೆ ಸಿಕ್ಕರೆ, ಅದೇ ತಳಿ ಅದೇ ಕೀಲಿಯಿಂದ ಬೀಗ ಹಾಕಿದ ಎಲ್ಲರಿಗೂ ಒದಗುತ್ತದೆ. ಎಮ್‌ಸಿಸಾಫ್ಟ್ ಎಂಬ ಸಂಸ್ಥೆ 2019ರ ಅಕ್ಟೋಬರಿನಲ್ಲಿ ಉಚಿತ ಡಿಕ್ರಿಪ್ಟರ್ ಬಿಟ್ಟಿತು, ಆಗಿನ 148 ತಳಿಗಳ ಬೀಗ ಅದರಿಂದ ತೆಗೆಯಬಹುದಿತ್ತು. ನಿಮ್ಮ ಐಡಿ ಮಾತ್ರ t1 ಎಂದು ಮುಗಿಯುತ್ತಿಲ್ಲ. ಅಂದರೆ ಆವತ್ತು ನಿಮ್ಮ ನೆಟ್ ಚೆನ್ನಾಗಿಯೇ ಇತ್ತು, ಕೀಲಿ ಕಳ್ಳರ ಹತ್ತಿರ ಮಾತ್ರ ಇದೆ. ಅದನ್ನು ಇವತ್ತು ಲೆಕ್ಕ ಹಾಕಿ ಬಿಡಿಸಬಲ್ಲವರು ಯಾರೂ ಇಲ್ಲ. ಸುತ್ತಿ ಬಳಸಿ ಹೇಳುವುದಕ್ಕಿಂತ ಇದನ್ನು ನೇರವಾಗಿ ಹೇಳುವುದು ಒಳ್ಳೆಯದು.

ಯೂಟ್ಯೂಬಿನ ಆ ಸಾಲು ಹುಟ್ಟುವುದು ಈ ನಿರಾಸೆಯ ಜಾಗದಲ್ಲೇ. ನೊಂದವರು ಹುಡುಕುತ್ತಾರೆ ಎಂದು ಗೊತ್ತಿದ್ದವರು ಅಲ್ಲಿ ಇನ್ನೊಂದು ಬಲೆ ಹಾಕುತ್ತಾರೆ. 2020ರಲ್ಲಿ ಹೀಗೇ ಆಯಿತು: ಡಿಜೆವಿಯು ಬೀಗ ತೆಗೆಯುವ ಸಾಧನ ಎಂದು ಹೇಳಿಕೊಂಡು ಒಂದು ಪ್ರೋಗ್ರಾಂ ಹರಿದಾಡಿತು, ಇಳಿಸಿದವರ ಫೈಲುಗಳಿಗೆ ಜೋರಾಬ್ ಎಂಬ ಎರಡನೇ ರ‍್ಯಾನ್ಸಮ್‌ವೇರ್ ಇನ್ನೊಂದು ಬೀಗ ಜಡಿಯಿತು. ಮೈದುನ ತೋರಿಸಿದ ಸಾಲು ಹೆಚ್ಚುಕಡಿಮೆ ಈ ಆಕಾರದಲ್ಲಿರುತ್ತದೆ:

```
irm https://... | iex
```

ಇದರಲ್ಲಿ irm ಅಂದರೆ ಆ ವಿಳಾಸದಲ್ಲಿ ಇರುವ ಬರಹವನ್ನು ತಂದುಕೊಡು ಎಂದು. iex ಅಂದರೆ ತಂದದ್ದನ್ನು ಹಾಗೇ ಓಡಿಸು ಎಂದು. ನಡುವಿನ ಗೆರೆ ಒಂದನ್ನು ಇನ್ನೊಂದಕ್ಕೆ ದಾಟಿಸುತ್ತದೆ. ತಂದದ್ದೇನು ಎಂದು ನೋಡುವ ಹಂತವೇ ಇಲ್ಲ. ಡಿಸ್ಕಿನಲ್ಲಿ ಫೈಲಾಗಿ ಇಳಿಯುವುದೂ ಇಲ್ಲವಾದ್ದರಿಂದ, ಇಳಿಸಿದ ಫೈಲಿಗೆ ವಿಂಡೋಸ್ ಕೊಡುವ 'ಇದು ಅಪರಿಚಿತರದು' ಎಂಬ ಎಚ್ಚರಿಕೆಯೂ ಬರುವುದಿಲ್ಲ. ಇವತ್ತು ಆ ವಿಳಾಸದಲ್ಲಿ ಸಭ್ಯವಾದದ್ದೇ ಇರಬಹುದು, ನಾಳೆ ಅದನ್ನು ಬದಲಿಸಲು ಒಂದು ನಿಮಿಷ ಸಾಕು. 2024ರಿಂದ ಇದೇ ಆಟದ ಇನ್ನೊಂದು ವೇಷ ಓಡುತ್ತಿದೆ. 'ನೀವು ಮನುಷ್ಯರೆಂದು ಖಾತ್ರಿಪಡಿಸಿ' ಎಂಬ ಕಿಟಕಿ ಬಂದು, ವಿಂಡೋಸ್ ಕೀಲಿ ಮತ್ತು R ಒತ್ತಿ, ಆಮೇಲೆ Ctrl+V, ಆಮೇಲೆ Enter ಎನ್ನುತ್ತದೆ. ನಿಜವಾದ ಪರೀಕ್ಷೆ ಬ್ರೌಸರಿನ ಒಳಗೇ ಮುಗಿಯುತ್ತದೆ, ಕಂಪ್ಯೂಟರಿಗೆ ಆಜ್ಞೆ ಕೊಡಿ ಎಂದು ಅದು ಎಂದೂ ಕೇಳುವುದಿಲ್ಲ.

ಸಾಫ್ಟ್‌ವೇರ್ ಓದಿದವರಾದರೆ ಬೀಳುತ್ತಿರಲಿಲ್ಲ ಅಂದುಕೊಳ್ಳಬೇಡಿ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೋ ಕಂಪನಿಯಿಂದ 4.4 ಕೋಟಿ ಡಾಲರ್ ಮೌಲ್ಯದ ಹಣ ಹೋಯಿತಲ್ಲ, ಬೆಂಗಳೂರು ಪೊಲೀಸರ ಹೇಳಿಕೆಯ ಪ್ರಕಾರ ಅದರ ದಾರಿ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯ ಆಫೀಸ್ ಲ್ಯಾಪ್‌ಟಾಪ್. ಬಿಡುವಿನ ಕೆಲಸ ಕೊಡುತ್ತೇವೆಂದು ಅಪರಿಚಿತರು ಕಳಿಸಿದ್ದನ್ನು ಅದರಲ್ಲಿ ತೆರೆದದ್ದೇ ಕಾರಣ ಎಂಬುದು ಅವರ ಅನುಮಾನ.

ದುಡ್ಡು ಕಟ್ಟಬೇಡಿ ಎಂಬುದು ನನ್ನ ಅಭಿಪ್ರಾಯ. 490 ಡಾಲರ್ ಅಂದರೆ 40 ಸಾವಿರ ರೂಪಾಯಿ ದಾಟುತ್ತದೆ, ಕೊಟ್ಟ ಮೇಲೆ ಕೀಲಿ ಬರುತ್ತದೆಂಬುದಕ್ಕೆ ಕಳ್ಳನ ಮಾತೇ ಆಧಾರ. ಅದಕ್ಕಿಂತ, ನೀವು ಕಳೆದುಕೊಂಡಿದ್ದು ನಿಜವಾಗಿ ಎಷ್ಟು ಎಂದು ಒಮ್ಮೆ ಕೂತು ಲೆಕ್ಕ ಹಾಕಿ. ಮದುವೆ ಕಾರ್ಡಿನ ಪ್ರೂಫನ್ನು ಗಿರಾಕಿಗೆ ವಾಟ್ಸಾಪ್ ಮಾಡಿರುತ್ತೀರಿ, ಅದು ಫೋನಿನಲ್ಲಿದೆ. ಅಚ್ಚಿಗೆಂದು ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಮೇಲ್ ಮಾಡಿದ್ದರೆ ಕಳಿಸಿದ ಮೇಲ್‌ಗಳಲ್ಲಿ ಇದೆ. ಕರಾರು ಪತ್ರದ ನಮೂನೆ ಮತ್ತೆ ಟೈಪ್ ಮಾಡಿದರೆ ಒಂದು ಸಂಜೆಯ ಕೆಲಸ. ಇನ್ನೊಂದು ಸಣ್ಣ ಸಮಾಧಾನವೂ ಇದೆ. ಈ ರ‍್ಯಾನ್ಸಮ್‌ವೇರ್ ಅವಸರಗೇಡಿ, ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟನ್ನು ಮಾತ್ರ ಕೆಡಿಸಿ ಮುಂದಿನದಕ್ಕೆ ಹೋಗುತ್ತದೆ. ಒಂದೆರಡು ಪುಟದ ಫೈಲಿಗೆ ಅಷ್ಟೇ ಸಾಕು, ಪೂರ್ತಿ ಹೋಯಿತು. ಆದರೆ ದೊಡ್ಡ ವಿಡಿಯೋ, ಆಡಿಯೋ ಫೈಲುಗಳ ಬಹುಪಾಲು ಹಾಗೇ ಉಳಿದಿರುತ್ತದೆ, ಅನೇಕ ಫೈಲು ತುಂಬಿದ ಜಿಪ್‌ನಲ್ಲಿ ಮೊದಲನೆಯವು ಬಿಟ್ಟು ಉಳಿದವು ಹೊರಬರುವುದುಂಟು. ಅದಕ್ಕೇ ಏನನ್ನೂ ಅಳಿಸಬೇಡಿ.

ನಾನು ಮಾಡಿಸುವುದಾದರೆ ಹೀಗೆ ಮಾಡಿಸುತ್ತೇನೆ: ಎಸ್.ಪಿ. ರೋಡಿನಿಂದ ಹೊಸದೊಂದು ಎಸ್‌ಎಸ್‌ಡಿ ತಂದು ಕಂಪ್ಯೂಟರಿಗೆ ಹಾಕಿಸಿ, ಹಳೇ ಡಿಸ್ಕನ್ನು ಬಿಚ್ಚಿ ಎತ್ತಿಡುವುದು. ಫಾರ್ಮ್ಯಾಟ್ ಮಾಡಿದರೆ ಸಾಕ್ಷಿಯೂ ಹೋಗುತ್ತದೆ, ಮುಂದೆಂದಾದರೂ ಕಳ್ಳರ ಕೀಲಿಗಳು ಪೊಲೀಸರ ಕೈಗೆ ಸಿಕ್ಕರೆ ತೆಗೆಯಲು ಫೈಲೇ ಇರುವುದಿಲ್ಲ.

ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ನೀವು ಅದನ್ನು ಕೇಳಿಯೇ ಇಲ್ಲ, ನನಗೆ ಹೆಚ್ಚು ಭಯವಿರುವುದು ಅಲ್ಲಿ. ಬೀಗ ಹಾಕುವುದು ಕಣ್ಣಿಗೆ ಕಾಣುವ ಕಳ್ಳತನ. ಡಿಜೆವಿಯು ಜೊತೆಯಲ್ಲಿ ಮಾಹಿತಿ ಕದಿಯುವ ಇನ್ನೊಂದು ಪ್ರೋಗ್ರಾಂ ಬಂದಿಳಿಯುವುದು ಮಾಮೂಲು. ವಿದಾರ್, ರೆಡ್‌ಲೈನ್ ಎಂಬ ಹೆಸರಿನವು ಹೀಗೆ ಬಂದಿವೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ, ಲಾಗಿನ್ ಆಗಿರುವುದಕ್ಕೆ ಗುರುತಾಗಿ ಇರುವ ಕುಕಿಗಳನ್ನೂ ಅವು ಕೆಲವೇ ನಿಮಿಷದಲ್ಲಿ ಬಾಚಿಕೊಂಡು ಹೋಗುತ್ತವೆ. ಕುಕಿ ಸಿಕ್ಕರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ನೀವೇ ಕೂತಿದ್ದೀರಿ ಎಂದು ಆ ಕಡೆಯವರು ನಂಬುತ್ತಾರೆ. ಆದ್ದರಿಂದ ಇವತ್ತೇ, ನಿಮ್ಮ ಫೋನಿನಿಂದ, ಮೊದಲು ಜಿಮೇಲ್ ಪಾಸ್‌ವರ್ಡ್ ಬದಲಿಸಿ. ಅಲ್ಲೇ ಖಾತೆಯ ಭದ್ರತೆಯ ಪುಟದಲ್ಲಿ ಎಲ್ಲ ಸಾಧನಗಳ ಪಟ್ಟಿ ಇರುತ್ತದೆ, ಅಂಗಡಿಯ ಕಂಪ್ಯೂಟರನ್ನು ಅಲ್ಲಿಂದ ಸೈನ್ ಔಟ್ ಮಾಡಿ. ಆಮೇಲೆ ಬ್ಯಾಂಕು, ಆಮೇಲೆ ಸೇವಾಸಿಂಧು, ಆಮೇಲೆ ಉಳಿದವು. ಆ ಕಂಪ್ಯೂಟರಿನಲ್ಲೇ ಕೂತು ಬದಲಿಸಿದರೆ ಹೊಸ ಪಾಸ್‌ವರ್ಡನ್ನೂ ಅವರಿಗೇ ಕೊಟ್ಟಂತೆ.

ಖಾತೆಯಿಂದ ದುಡ್ಡು ಹೋಗಿದ್ದು ಕಂಡರೆ ತಕ್ಷಣ 1930ಕ್ಕೆ ಕರೆ ಮಾಡಿ. ಹೋಗದಿದ್ದರೂ cybercrime.gov.in ನಲ್ಲಿ ದೂರು ದಾಖಲಿಸಿ, ಅಥವಾ ನಿಮ್ಮ ವಿಭಾಗದ ಸೆನ್ ಠಾಣೆಗೆ ಹೋಗಿ. ಚೀಟಿಯ ಫೋಟೋ ಮತ್ತು ಮೈದುನ ಇಳಿಸಿದ ಪುಟದ ವಿಳಾಸ ಜೊತೆಗಿರಲಿ. ಕ್ರ್ಯಾಕ್ ಹಾಕಿದ್ದಕ್ಕೆ ನಾಚಿ ವಿಷಯ ಮುಚ್ಚಿಟ್ಟರೆ ತೊಂದರೆ ನಿಮಗೇ. ಆಧಾರ್ ಪ್ರತಿ ಇದ್ದ ಗಿರಾಕಿಗಳಿಗೆ ಒಂದು ಮಾತು ಹೇಳಿ, ಅವರು ತಮ್ಮ ಬಯೋಮೆಟ್ರಿಕ್ಕನ್ನು ಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಿಕೊಳ್ಳಲಿ. ಇನ್ನು ಮೇಲೆ ಅರ್ಜಿ ಸಲ್ಲಿಸಿದ ದಿನವೇ ಪ್ರತಿ ಅಳಿಸಿಬಿಡಿ. ಇಲ್ಲದ್ದನ್ನು ಯಾರೂ ಕದಿಯಲಾರರು.

ಈಗ ಹೊಸ ಡಿಸ್ಕಿಗೆ ಏನೇನು ಎಲ್ಲಿಂದ ಎಂಬ ಮಾತು. ನಿಮ್ಮಂಥ ಅಂಗಡಿಯವರು ಕ್ರ್ಯಾಕಿಗೆ ಏಕೆ ಹೋಗುತ್ತಾರೆ ಎಂಬುದು ನನಗೆ ಗೊತ್ತು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯದು. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ, ನುಡಿಯ ಹಳೇ ಆಸ್ಕಿ ಫಾಂಟ್ ಹಾಕಿಕೊಂಡು ಕನ್ನಡ ಡಿಟಿಪಿ ಎರಡು ದಶಕ ಅದರ ಮೇಲೇ ನಡೆಯಿತು. ಅಡೋಬಿ ಅದನ್ನು ಮಾರುವುದನ್ನೇ ಬಿಟ್ಟಿದೆ. ಹಾಗಿರುವಾಗ 'ಪೇಜ್‌ಮೇಕರ್ ಫ್ರೀ ಡೌನ್‌ಲೋಡ್' ಎಂದು ಹುಡುಕಿದರೆ ಬರುವ ಫಲಿತಾಂಶ ಯಾರದ್ದಿರಬೇಕು? ತಯಾರಿಸಿದವರದ್ದಂತೂ ಅಲ್ಲ. ನಿಮ್ಮ ಹತ್ತಿರ ಹಳೇ ಸಿಡಿ ಇದ್ದರೆ ಅದರಿಂದ ಹಾಕಿಕೊಳ್ಳಿ. ಇಲ್ಲವಾದರೆ ಪೇಜ್‌ಮೇಕರಿಗೆ ಅಧಿಕೃತ ಮೂಲ ಎಂಬುದು ಈಗ ಇಲ್ಲ ಎಂದು ಒಪ್ಪಿಕೊಂಡು ಆಚೆ ಹೋಗಬೇಕು. scribus.net ನಲ್ಲಿ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ಸಾಧನ ಉಚಿತ. ಅದರ 1.6ನೇ ಸರಣಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ಮೊದಲ ವಾರ ಕೈ ತಡವರಿಸುತ್ತದೆ, ಪೇಜ್‌ಮೇಕರಿನ ಹಳೇ ಫೈಲು ಅದರಲ್ಲಿ ಇದ್ದ ಹಾಗೇ ಬರುತ್ತದೆಂಬ ಖಾತ್ರಿ ಇಲ್ಲ, ಅದು ನಿಜ. ಆಸ್ಕಿಯಲ್ಲಿರುವ ಪಠ್ಯವನ್ನು ನುಡಿಯಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿಕೊಳ್ಳಬಹುದು. ಕರಾರು, ಅರ್ಜಿಗಳಿಗೆ libreoffice.org ನ ಲಿಬ್ರೆಆಫೀಸ್ ಧಾರಾಳವಾಯಿತು.

ನುಡಿಯ ವಿಷಯಕ್ಕಂತೂ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಕನ್ನಡ ಗಣಕ ಪರಿಷತ್ತು ಉಚಿತವಾಗಿಯೇ ಕೊಡುವ ತಂತ್ರಾಂಶ ಅದು. ಆದರೂ ಜನ ಅದನ್ನು ಯಾವುದೋ ಡೌನ್‌ಲೋಡ್ ತಾಣದಿಂದ, ಹಸಿರು ಬಣ್ಣದ ನಾಲ್ಕು ಸುಳ್ಳು ಬಟನ್‌ಗಳ ನಡುವೆ ಹುಡುಕಿ ಇಳಿಸುತ್ತಾರೆ. ಪರಿಷತ್ತಿಗೇ ಫೋನ್ ಮಾಡಿ ತಾಣದ ವಿಳಾಸ ಕೇಳಿ ಬರೆದುಕೊಳ್ಳಿ, ಕನ್ನಡದಲ್ಲೇ ಮಾತಾಡುತ್ತಾರೆ. ಬರಹ ಬೇಕಾದರೆ baraha.com, ಅದರ ಈಚಿನ ಆವೃತ್ತಿಗೆ ದುಡ್ಡು ಕೊಡಬೇಕು. ಬರೀ ಯೂನಿಕೋಡ್ ಟೈಪಿಂಗ್ ಸಾಕೆಂದರೆ ಏನನ್ನೂ ಇಳಿಸುವುದೇ ಬೇಡ. ವಿಂಡೋಸ್ ಸೆಟ್ಟಿಂಗ್ಸಿನಲ್ಲಿ ಭಾಷೆಗೆ ಹೋಗಿ ಕನ್ನಡ ಸೇರಿಸಿದರೆ Kannada Phonetic ಎಂಬ ಕೀಲಿಮಣೆ ಅಲ್ಲೇ ಇದೆ.

ವಿಂಡೋಸನ್ನೂ ಕ್ರ್ಯಾಕ್ ಮಾಡಿಸಬೇಡಿ. ನಿಮ್ಮ ಕಂಪ್ಯೂಟರ್ ವಿಂಡೋಸ್ ಸಮೇತ ಕೊಂಡದ್ದಾದರೆ ಅದರ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕಿಗಲ್ಲ. ಹೊಸ ಡಿಸ್ಕಿಗೆ ಅದೇ ಆವೃತ್ತಿ ಹಾಕಿ ನೆಟ್‌ಗೆ ಸೇರಿಸಿದರೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಇದು ಗೊತ್ತಿಲ್ಲದೆ ರಿಪೇರಿಯವರು ಸುಮ್ಮಸುಮ್ಮನೆ ಆ್ಯಕ್ಟಿವೇಟರ್ ತುರುಕುವುದನ್ನು ಬೇಕಾದಷ್ಟು ನೋಡಿದ್ದೇನೆ. ನೆಂಟರ ಮನೆಯ ಒಳ್ಳೆಯ ಕಂಪ್ಯೂಟರಿನಲ್ಲಿ microsoft.com ಗೆ ಹೋಗಿ, ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿಯ ಖಾಲಿ ಪೆನ್‌ಡ್ರೈವ್ ಮೇಲೆ ಬರೆಸಿಕೊಳ್ಳಿ. ಪ್ರಿಂಟರಿನ ಡ್ರೈವರ್ ಪ್ರಿಂಟರ್ ಕಂಪನಿಯ ತಾಣದಿಂದಲೇ ಬರಲಿ.

ವಿಳಾಸವನ್ನು ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ನೀವೇ ಟೈಪ್ ಮಾಡಿ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. 2023ರ ಆರಂಭದಲ್ಲಿ ಒಬಿಎಸ್, ವಿಎಲ್‌ಸಿ, 7-ಜಿಪ್‌ನಂಥ ಉಚಿತ ಸಾಧನಗಳ ಹೆಸರಿನಲ್ಲೇ ನಕಲಿ ಜಾಹೀರಾತುಗಳು ಗೂಗಲ್‌ನಲ್ಲಿ ಕಾಣಿಸಿಕೊಂಡು ಜನರನ್ನು ಮಾಲ್‌ವೇರಿನತ್ತ ಕರೆದೊಯ್ದವು. ಇಳಿಸಿದ ಮೇಲೆ ಓಡಿಸುವ ಮೊದಲು ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ Properties ತೆರೆಯಿರಿ. ಅಲ್ಲಿ Digital Signatures ಎಂಬ ಹಾಳೆ ಇದ್ದು, ತಯಾರಕರ ಹೆಸರೇ ಇದ್ದರೆ ಸರಿ. ಲಿಬ್ರೆಆಫೀಸ್ ಫೈಲಿನಲ್ಲಿ The Document Foundation ಎಂದಿರಬೇಕು, ಅಲ್ಲಿ ಯಾವುದೋ ಕೇಳರಿಯದ ವ್ಯಾಪಾರಿಯ ಹೆಸರಿದ್ದರೆ ಅಳಿಸಿ. ಸಣ್ಣ ಗುಂಪುಗಳು ಮಾಡುವ ಕೆಲವು ಉಚಿತ ಸಾಧನಗಳಿಗೆ ಸಹಿ ಇರುವುದಿಲ್ಲ. ಅಂಥವರು ಅನೇಕರು ತಮ್ಮ ತಾಣದಲ್ಲಿ SHA-256 ಎಂಬ ಉದ್ದನೆಯ ಸಂಖ್ಯೆ ಪ್ರಕಟಿಸಿರುತ್ತಾರೆ. ಫೈಲು ಇರುವ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, setup.exe ಜಾಗದಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ ಹೀಗೆ ಕೊಡಿ:

```
certutil -hashfile setup.exe SHA256
```

ಎರಡೂ ಒಂದೇ ಆದರೆ ಫೈಲು ದಾರಿಯಲ್ಲಿ ಬದಲಾಗಿಲ್ಲ. ಇದಕ್ಕೂ ಮಿತಿ ಇದೆ. ತಯಾರಕರ ಮನೆಯೊಳಗೇ ಕಳ್ಳ ಹೊಕ್ಕಿದ್ದರೆ ಸಹಿಯೂ ಸರಿ ಇರುತ್ತದೆ, ಸಂಖ್ಯೆಯೂ ಸರಿ ಇರುತ್ತದೆ. 2017ರಲ್ಲಿ ಸಿಸಿಕ್ಲೀನರಿನ 5.33ನೇ ಆವೃತ್ತಿ ಅಧಿಕೃತ ತಾಣದಿಂದಲೇ ಮಾಲ್‌ವೇರ್ ಸಮೇತ ಸುಮಾರು 22.7 ಲಕ್ಷ ಕಂಪ್ಯೂಟರುಗಳಿಗೆ ಹೋಗಿತ್ತು. ಅಂಥದು ಅಪರೂಪ, ಆದಾಗ ಸುದ್ದಿಯಾಗುತ್ತದೆ, ತಯಾರಕರು ತಿದ್ದಿದ ಆವೃತ್ತಿ ಕೊಡುತ್ತಾರೆ. ಕ್ರ್ಯಾಕ್ ತಾಣದಲ್ಲಿ ತಪ್ಪಾದರೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ಮೈದುನ ಇಳಿಸಿದ ಆ ಜಿಪ್ ಫೈಲಿಗೆ 1234 ಥರದ ಪಾಸ್‌ವರ್ಡ್ ಇತ್ತೇ ಎಂದು ಅವನನ್ನೇ ಕೇಳಿ. ಇದ್ದಿರುತ್ತದೆ. ಎಲ್ಲರಿಗೂ ತೋರಿಸಿ ಬರೆದ ಪಾಸ್‌ವರ್ಡಿನಿಂದ ಯಾವ ಗುಟ್ಟು ಕಾಯಲು ಸಾಧ್ಯ? ಅದು ಇರುವುದು ನಿಮ್ಮಿಂದ ಬಚ್ಚಿಡಲು ಅಲ್ಲ, ಬ್ರೌಸರ್ ಮತ್ತು ಆಂಟಿವೈರಸ್ ಪೊಟ್ಟಣದೊಳಗೆ ಇಣುಕದಿರಲಿ ಎಂದು. ಬಿಚ್ಚಿದ ಕೂಡಲೇ ಆಂಟಿವೈರಸ್ ಹಿಡಿಯುತ್ತದೆ, ಅದಕ್ಕೇ ಮುಂದಿನ ಸಾಲಿನಲ್ಲಿ ಅದನ್ನು ಆಫ್ ಮಾಡಿ ಎಂದು ಬರೆದಿರುತ್ತಾರೆ, 'ಕ್ರ್ಯಾಕ್ ಅಂದ ಮೇಲೆ ವೈರಸ್ ಅಂತ ತೋರಿಸೋದು ಸಹಜ' ಎಂಬ ಸಮಾಧಾನವನ್ನೂ ಸೇರಿಸಿ. ನಿಮ್ಮ ಆಂಟಿವೈರಸ್ ಆವತ್ತು ತನ್ನ ಕೆಲಸ ಮಾಡಿತ್ತು. ಕೇಳಿದವರು ಇರಲಿಲ್ಲ.

ಹುಡುಗನಿಗೆ ಬೈಯಬೇಡಿ, ನಿಮಗೆ ಸಹಾಯ ಮಾಡಲೆಂದೇ ಮಾಡಿದ್ದಾನೆ. ಹೊಸ ಡಿಸ್ಕಿಗೆ ಎಲ್ಲ ಹಾಕುವ ಕೆಲಸವನ್ನು ಅವನಿಗೇ ಕೊಡಿ. ಅಂಗಡಿಯ ಕಂಪ್ಯೂಟರಿನಲ್ಲಿ ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಖಾತೆ ಒಂದು ಮಾಡಿಸಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ಆಗ ಏನೇ ಇನ್‌ಸ್ಟಾಲ್ ಮಾಡಬೇಕಾದರೂ ಅವನು ನಿಮ್ಮನ್ನು ಕರೆಯಬೇಕಾಗುತ್ತದೆ. ಕೆಲವು ಮಾಲ್‌ವೇರ್ ಅಡ್ಮಿನ್ ಇಲ್ಲದೆಯೂ ಓಡುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆದ ಕೂಡಲೇ ಅದರ ಕೇಬಲ್ ಕಿತ್ತು ಬೀರುವಿನಲ್ಲಿಡಿ. ಬಿಚ್ಚಿದ ಹಳೇ ಡಿಸ್ಕಿನ ಮೇಲೆ ಸ್ಕೆಚ್ ಪೆನ್ನಿನಿಂದ ದಿನಾಂಕ, ಆ ನಾಲ್ಕಕ್ಷರದ ಬಾಲ, 'ಚುಚ್ಚಬೇಡಿ' ಎಂಬ ಮಾತು ಬರೆದು ಬೇರೆ ಕಡೆ ಇಡಿ. ವರ್ಷಕ್ಕೊಂದೆರಡು ಸಲ nomoreransom.org ನಲ್ಲಿ ನಿಮ್ಮ ತಳಿಗೆ ಕೀಲಿ ಬಂದಿದೆಯೇ ಎಂದು ನೋಡಿ. ಆ ವಿಳಾಸವನ್ನೂ ಹುಡುಕಬೇಡಿ, ಟೈಪ್ ಮಾಡಿ.